ಎಂಟು ಜನರ ಮನೆಗೆ ಸೆಪ್ಟಿಕ್ ಟ್ಯಾಂಕ್: ಎಷ್ಟು ಲೀಟರ್, ಗೋಡೆಗೆ ಎಷ್ಟು ಕಾಂಕ್ರೀಟ್?

ಪ್ರಶ್ನೆ (ದಾವಣಗೆರೆ ತಾಲ್ಲೂಕಿನಲ್ಲಿ ಮನೆ ಕಟ್ಟಿಸುತ್ತಿರುವವರು):
ನಮ್ಮದು ಎಂಟು ಜನರ ಕುಟುಂಬ. ಎರಡು ಶೌಚಾಲಯ, ಎರಡು ಬಚ್ಚಲು ಮತ್ತು ಅಡುಗೆಮನೆಯ ನೀರೆಲ್ಲ ಒಂದೇ ಟ್ಯಾಂಕಿಗೆ ಬರಲಿದೆ. ಮೇಸ್ತ್ರಿ 10 ಅಡಿ ಉದ್ದ, 5 ಅಡಿ ಅಗಲ, 6 ಅಡಿ ಆಳ ತೆಗೆಯೋಣ ಎನ್ನುತ್ತಾರೆ. ನೆಂಟರೊಬ್ಬರು ಒಂದು ದಿನದ ನೀರು ನಿಂತರೆ ಸಾಕು, ಸಾವಿರ ಲೀಟರ್ ಹಿಡಿಸಿದರೆ ಆಯಿತು ಎನ್ನುತ್ತಾರೆ. ನಿವೇಶನ ಭದ್ರಾ ನಾಲೆಯ ಗದ್ದೆಗಳ ಪಕ್ಕದ ಎರೆಭೂಮಿ. ಗೋಡೆಯನ್ನು ಕಾಂಕ್ರೀಟಿನಲ್ಲೇ ಹಾಕಿಸಬೇಕೆಂದಿದ್ದೇನೆ. 4 ಇಂಚು ಸಾಕೇ, 6 ಇಂಚು ಬೇಕೇ? ಗೋಡೆಗೆ ಮಾತ್ರ ಎಷ್ಟು ಚೀಲ ಸಿಮೆಂಟ್ ತರಿಸಲಿ?

ಉತ್ತರ (ನಿವೃತ್ತ ಸಿವಿಲ್ ಎಂಜಿನಿಯರ್, ದಾವಣಗೆರೆ):
3000 ಲೀಟರ್ ನೀರು ನಿಲ್ಲುವ ಟ್ಯಾಂಕ್, 6 ಇಂಚಿನ ಗೋಡೆ, ಗೋಡೆಗೆ ಸುಮಾರು 2 ಘನ ಮೀಟರ್ ಕಾಂಕ್ರೀಟ್, ಅದಕ್ಕೆ 22 ಚೀಲ ಸಿಮೆಂಟ್. ಈ ಅಂಕಿಗಳು ಹೇಗೆ ಬಂದವೆಂದು ತಿಳಿದಿದ್ದರೆ ಮೇಸ್ತ್ರಿಯೊಂದಿಗೆ ಮಾತನಾಡುವುದು ಸುಲಭವಾಗುತ್ತದೆ.

ಒಬ್ಬರು ದಿನಕ್ಕೆ 135 ಲೀಟರ್ ನೀರು ಬಳಸುತ್ತಾರೆ, ಅದರಲ್ಲಿ ನೂರಕ್ಕೆ 80 ಭಾಗ ಚರಂಡಿಗೆ ಬರುತ್ತದೆ ಎಂದು ಹಿಡಿಯುವುದು ರೂಢಿ. ಅಂದರೆ ತಲೆಗೆ ಸುಮಾರು 110 ಲೀಟರ್, ಎಂಟು ಜನರಿಗೆ 880 ಲೀಟರ್. ನೀರು 24 ಗಂಟೆ ನಿಲ್ಲಬೇಕೆಂದರೆ ಇಷ್ಟು ಜಾಗ ಬೇಕು. ನಿಮ್ಮ ನೆಂಟರು ಇಲ್ಲಿಗೇ ಲೆಕ್ಕ ನಿಲ್ಲಿಸಿದ್ದಾರೆ. ಆದರೆ ತಳದಲ್ಲಿ ಕೂರುವ ಹೂಳಿಗೂ ಜಾಗ ಬೇಕು. ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕವಾದ ಐ.ಎಸ್. 2470ರ ಲೆಕ್ಕದಂತೆ ಹೂಳು ಕೊಳೆಯುವುದಕ್ಕೆ ತಲೆಗೆ 32 ಲೀಟರ್, ಕೊಳೆತ ಮೇಲೆ ಉಳಿಯುವ ಹೂಳಿಗೆ ತಲೆಗೆ ವರ್ಷಕ್ಕೆ ಸುಮಾರು 73 ಲೀಟರ್ ಹಿಡಿಯಬೇಕು. ಎರಡು ವರ್ಷಕ್ಕೊಮ್ಮೆ ಖಾಲಿ ಮಾಡಿಸುತ್ತೀರಿ ಎಂದುಕೊಂಡರೆ ಎಂಟು ಜನರಿಗೆ ಮೊದಲನೆಯದು 256 ಲೀಟರ್, ಎರಡನೆಯದು 1168 ಲೀಟರ್ ಆಗುತ್ತದೆ. 880ರ ಜೊತೆ ಇವೆರಡನ್ನೂ ಕೂಡಿಸಿದರೆ ಸುಮಾರು 2300 ಲೀಟರ್.

ಹಾಗಿದ್ದ ಮೇಲೆ 3000 ಏಕೆಂದರೆ, ಹೂಳು ಮತ್ತು ಮೇಲೆ ಕಟ್ಟುವ ಜಿಡ್ಡಿನ ಪದರ ಎರಡೂ ಸೇರಿ ನೀರಿನ ಆಳದ ಅರ್ಧವನ್ನು ಮೀರುವ ಮೊದಲೇ ಟ್ಯಾಂಕ್ ಖಾಲಿ ಮಾಡಿಸಬೇಕೆಂಬ ನಿಯಮವಿದೆ. ಎರಡು ವರ್ಷದ ಕೊನೆಗೆ ನಿಮ್ಮ ಹೂಳು ಸುಮಾರು 1420 ಲೀಟರ್ ಆಗಿರುತ್ತದೆ, ಅದು 3000ದ ಅರ್ಧಕ್ಕಿಂತ ಸ್ವಲ್ಪವೇ ಕಡಿಮೆ. ಹಬ್ಬಕ್ಕೆ ಮನೆ ತುಂಬ ಜನ ಬಂದಾಗಲೂ ನೀರು ನುಗ್ಗಿಕೊಂಡು ಹೋಗುವುದಿಲ್ಲ. ಗಮನಿಸಬೇಕಾದ ಇನ್ನೊಂದು ವಿಷಯವೆಂದರೆ, 24 ಗಂಟೆ ಎನ್ನುವುದು ಟ್ಯಾಂಕ್ ಹೊಸದಾಗಿರುವ ದಿನದ ಮಾತಲ್ಲ. ಮೊದಲ ದಿನ 3000 ಲೀಟರಿನಲ್ಲಿ ನೀರು ಮೂರು ದಿನಕ್ಕೂ ಹೆಚ್ಚು ನಿಲ್ಲುತ್ತದೆ, ಹೂಳು ಏರಿದಂತೆ ಆ ಅವಧಿ ಕುಗ್ಗುತ್ತ ಬರುತ್ತದೆ. ಸಾವಿರ ಲೀಟರಿನ ಟ್ಯಾಂಕಿನಲ್ಲಿ ಕೆಲವೇ ತಿಂಗಳಲ್ಲಿ ಅದು ಒಂದು ದಿನಕ್ಕಿಂತ ಕೆಳಗಿಳಿದು, ಕೂರಬೇಕಾದ ಕಣಗಳು ನೀರಿನೊಂದಿಗೆ ಇಂಗುಗುಂಡಿಗೆ ಹೋಗುತ್ತವೆ. ಇಂಗುಗುಂಡಿ ಕಟ್ಟಿಕೊಂಡು ನೀರು ಅಂಗಳಕ್ಕೆ ಉಕ್ಕಿದಾಗ ಎಲ್ಲರೂ ಗುಂಡಿಯನ್ನು ದೂರುತ್ತಾರೆ, ತಪ್ಪು ಮಾತ್ರ ಟ್ಯಾಂಕಿನ ಅಳತೆಯಲ್ಲಿರುತ್ತದೆ.

ಒಳ ಅಳತೆ ಹೀಗಿರಲಿ: ಉದ್ದ 2.5 ಮೀಟರ್, ಅಗಲ 1 ಮೀಟರ್, ನೀರಿನ ಆಳ 1.25 ಮೀಟರ್, ಅದರ ಮೇಲೆ 30 ಸೆಂಟಿಮೀಟರ್ ಖಾಲಿ. ನಡುವೆ 10 ಸೆಂಟಿಮೀಟರಿನ ಅಡ್ಡಗೋಡೆ ನಿಲ್ಲಿಸಿ, ಒಳಬರುವ ಕಡೆಯ ಕೋಣೆ 1.6 ಮೀಟರ್, ಹೊರಹೋಗುವ ಕಡೆಯದು 0.8 ಮೀಟರ್ ಆಗುವಂತೆ ಮಾಡಿ. ಎರಡೂ ಕೋಣೆಗಳ ಮೇಲೆ ಒಂದೊಂದು ಮುಚ್ಚಳ ಬೇಕು. ಹೂಳು ಹೀರುವ ಗಾಡಿಯ ಪೈಪು ಎರಡೂ ಕಡೆ ತಳ ಮುಟ್ಟಬೇಕು, ಯಾವ ಕಾರಣಕ್ಕೂ ಮನುಷ್ಯರು ಒಳಗೆ ಇಳಿಯುವ ಸಂದರ್ಭ ಬರಬಾರದು.

ಮೇಸ್ತ್ರಿ, ಹರಿಹರ:
ಸರ್, ನಾನು ಇಪ್ಪತ್ತೈದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ದೊಡ್ಡದಾದಷ್ಟೂ ಒಳ್ಳೆಯದು ಎನ್ನುವುದು ನನ್ನ ಅನುಭವ. 10, 5, 6 ಅಡಿಯ ಟ್ಯಾಂಕ್ ಹಾಕಿಸಿದವರು ಹತ್ತು ವರ್ಷ ಮುಚ್ಚಳ ತೆಗೆದಿಲ್ಲ. ಗೋಡೆಗೆ 4 ಇಂಚು ಸಾಕು, ಒಳಗೆ ಕಂಬಿ ಇದ್ದೇ ಇರುತ್ತದಲ್ಲ.

ಉತ್ತರ (ನಿವೃತ್ತ ಎಂಜಿನಿಯರ್):
ಮೇಸ್ತ್ರಿಗಳೇ, ದೊಡ್ಡ ಟ್ಯಾಂಕಿನಲ್ಲಿ ಹೂಳು ತೆಗೆಸುವ ಅವಧಿ ಹೆಚ್ಚುತ್ತದೆ ಎನ್ನುವುದು ನಿಜ. ನೀವು ಹೇಳಿದ ಅಳತೆಯಲ್ಲಿ 8000 ಲೀಟರಿಗೂ ಮೀರಿ ಜಾಗವಿದೆ. ಆದರೆ ಇದು ನಾಲೆಯಲ್ಲಿ ನೀರು ಬಿಟ್ಟಾಗ ನೆಲದೊಳಗಿನ ನೀರು ಮೇಲೇರುವ ಜಾಗ, ಇಲ್ಲಿ ಗುಂಡಿ ಆಳವಾದಷ್ಟೂ ಟ್ಯಾಂಕನ್ನು ಕೆಳಗಿನಿಂದ ಎತ್ತುವ ಒತ್ತಡ ಹೆಚ್ಚುತ್ತದೆ. ಈ ಒತ್ತಡವನ್ನು ತಡೆಯುವುದು ಕಾಂಕ್ರೀಟಿನ ತೂಕ, ಕಂಬಿಯಲ್ಲ.

ನಾನು ಹೇಳಿದ ಅಳತೆಯಲ್ಲೇ ನೋಡಿ. ತಳದ ಕಾಂಕ್ರೀಟನ್ನು ಗೋಡೆಯಿಂದ ಸುತ್ತಲೂ 15 ಸೆಂಟಿಮೀಟರ್ ಹೊರಚಾಚಿ, 15 ಸೆಂಟಿಮೀಟರ್ ದಪ್ಪ ಹಾಕಿದ್ದೀರಿ. ಗೋಡೆಯೂ ಎದ್ದಿದೆ, ಮೇಲಿನ ಚಪ್ಪಡಿ ಇನ್ನೂ ಬಂದಿಲ್ಲ, ಪಕ್ಕಕ್ಕೆ ಮಣ್ಣು ತುಂಬಿಲ್ಲ. ಅಂಥ ಹೊತ್ತಿನಲ್ಲಿ ಗುಂಡಿಯ ತುಂಬ ನೀರು ಬಂತೆನ್ನಿ. 6 ಇಂಚಿನ ಗೋಡೆಯಾದರೆ ಟ್ಯಾಂಕಿನ ತೂಕ ಸುಮಾರು 6.6 ಟನ್, ನೀರು ಮೇಲೆತ್ತುವ ಬಲ 6.4 ಟನ್. ಕೂದಲೆಳೆಯಷ್ಟು ಅಂತರದಲ್ಲಿ ಕೂತಿರುತ್ತದೆ. ಅದೇ ತಳದ ಮೇಲೆ 4 ಇಂಚಿನ ಗೋಡೆಯಾದರೆ ತೂಕ 5.1 ಟನ್, ಎತ್ತುವ ಬಲ 5.8 ಟನ್. ಟ್ಯಾಂಕ್ ತೇಲುತ್ತದೆ. ಚಪ್ಪಡಿ ಬಿದ್ದು, ಹೊರಚಾಚಿದ ತಳದ ಮೇಲೆ ಮಣ್ಣು ಕೂತ ಮೇಲೆ 6 ಇಂಚಿನ ಟ್ಯಾಂಕಿಗೆ ನೆಮ್ಮದಿಯ ಅಂತರ ಸಿಗುತ್ತದೆ.

ಸದಸ್ಯರು, ಮಲೇಬೆನ್ನೂರು ಕಡೆಯವರು:
ಇದು ನಮ್ಮ ಮನೆಯಲ್ಲಿ ನಡೆದದ್ದೇ. ಗೋಡೆಯ ಸೆಂಟ್ರಿಂಗ್ ಬಿಚ್ಚಿ ಎರಡು ದಿನವಾಗಿತ್ತು, ರಾತ್ರಿ ಮಳೆ ಹಿಡಿಯಿತು. ಬೆಳಿಗ್ಗೆ ನೋಡಿದರೆ ಟ್ಯಾಂಕಿನ ಒಂದು ಮೂಲೆ ಒಂದು ಗೇಣು ಮೇಲೆದ್ದು ನಿಂತಿತ್ತು. ನೀರು ಹೊರಹಾಕಿದ ಮೇಲೆ ಕೆಳಗೇನೋ ಕೂತಿತು, ಆದರೆ ಅಡಿಯಲ್ಲಿ ಕೆಸರು ಸೇರಿದ್ದರಿಂದ ಇಂದಿಗೂ ಮಟ್ಟ ಸರಿಯಿಲ್ಲ, ಒಳಬರುವ ಪೈಪಿನ ಕಡೆಗೇ ನೀರು ವಾಲುತ್ತದೆ.

ಸದಸ್ಯರು, ಹೊಳಲ್ಕೆರೆ:
ನಮ್ಮ ಊರಿನಲ್ಲಿ ಯಾರೂ ಇಷ್ಟು ಲೆಕ್ಕ ಹಾಕುವುದಿಲ್ಲ. ಸಿಮೆಂಟ್ ರಿಂಗ್ ಇಳಿಸಿದ ಗುಂಡಿ ಹನ್ನೆರಡು ವರ್ಷವಾದರೂ ತುಂಬಿಲ್ಲ. ಅದನ್ನೇ ಮಾಡಿಸಬಾರದೇಕೆ?

ಉತ್ತರ (ನಿವೃತ್ತ ಎಂಜಿನಿಯರ್):
ತಮ್ಮದು ಇಂಗುಗುಂಡಿ, ಕೇಳಿರುವುದು ನೀರು ಸೋರದ ಟ್ಯಾಂಕಿನ ಬಗ್ಗೆ. ಚಿತ್ರದುರ್ಗದ ಕಡೆ ಬಂಡೆಯ ಬಿರುಕುಗಳಲ್ಲಿ ನೀರು ಇಳಿದುಹೋಗುವುದರಿಂದ ಗುಂಡಿ ತುಂಬದಿರಬಹುದು, ಆದರೆ ಆ ನೀರು ಸೋಸದೆಯೇ ಇಳಿಯುತ್ತದೆ. ಹತ್ತಿರದಲ್ಲಿ ಬೋರ್‌ವೆಲ್ ಇದ್ದರೆ ಅದರ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಎರೆಮಣ್ಣಿನಲ್ಲಿ ಸಮಸ್ಯೆ ಇದಕ್ಕೆ ವಿರುದ್ಧ, ಅಲ್ಲಿ ನೀರು ಇಂಗುವುದೇ ಇಲ್ಲ.

ಇನ್ನು ಗೋಡೆಯ ಕಾಂಕ್ರೀಟ್. 15 ಸೆಂಟಿಮೀಟರ್ ಗೋಡೆಯೊಂದಿಗೆ ಹೊರ ಅಳತೆ 2.8 ಮೀಟರ್ ಮತ್ತು 1.3 ಮೀಟರ್ ಆಗುತ್ತದೆ. ಹೊರಗಿನ 3.64 ಚದರ ಮೀಟರಿನಲ್ಲಿ ಒಳಗಿನ 2.5 ಕಳೆದರೆ ಗೋಡೆ ಕೂರುವ ಜಾಗ 1.14 ಚದರ ಮೀಟರ್. ಮೂಲೆಗಳನ್ನು ಎರಡು ಸಲ ಎಣಿಸುವ ತಪ್ಪು ಈ ರೀತಿ ಲೆಕ್ಕ ಹಾಕಿದರೆ ಆಗುವುದಿಲ್ಲ. 1.55 ಮೀಟರ್ ಎತ್ತರಕ್ಕೆ ಅದು 1.77 ಘನ ಮೀಟರ್, 1.4 ಮೀಟರ್ ಎತ್ತರದ ಅಡ್ಡಗೋಡೆ 0.14 ಘನ ಮೀಟರ್. ಒಟ್ಟು 1.91. ಚೆಲ್ಲಿ ಹೋಗುವುದನ್ನೂ ಸೇರಿಸಿ 2 ಘನ ಮೀಟರ್ ಎನ್ನಿ.

ಕಲಸುವ ಮೊದಲು ಒಣ ಸಾಮಗ್ರಿ ಇದರ 1.54 ಪಟ್ಟು, ಅಂದರೆ 3.08 ಘನ ಮೀಟರ್ ಬೇಕು. ಒಂದು ಪಾಲು ಸಿಮೆಂಟ್, ಒಂದು ಪಾಲು ಮರಳು, ಎರಡು ಪಾಲು ಜಲ್ಲಿಯ ಮಿಶ್ರಣವಾದರೆ ಸಿಮೆಂಟ್ 0.77 ಘನ ಮೀಟರ್, ಸುಮಾರು 1109 ಕಿಲೋ, 22 ಚೀಲ. ಎಂ-ಸ್ಯಾಂಡ್ 27 ಘನ ಅಡಿ, 20 ಮಿಲಿಮೀಟರ್ ಜಲ್ಲಿ 54 ಘನ ಅಡಿ. ಒಂದಕ್ಕೆ ಒಂದೂವರೆ, ಮೂರರ ಮಿಶ್ರಣದಲ್ಲಿ 16 ಚೀಲಕ್ಕೆ ಮುಗಿಯುತ್ತದೆ, ಆದರೆ ಸದಾ ಹಸಿಯಾಗಿರುವ ಮಣ್ಣಿನಲ್ಲಿ ಹೂತುಹೋಗುವ ಗೋಡೆಗೆ ನಾನು ಅದನ್ನು ಒಪ್ಪುವುದಿಲ್ಲ.

ಚೀಲದ ಲೆಕ್ಕಕ್ಕಿಂತ ನೀರಿನ ಲೆಕ್ಕ ಮುಖ್ಯ. ಚೀಲವೊಂದಕ್ಕೆ 25 ಲೀಟರ್ ಮೀರಬಾರದು, ಮರಳು ಹಸಿಯಿದ್ದರೆ ಇನ್ನೂ ಕಡಿಮೆ. ಗೋಡೆಯ ಹಲಗೆಗಳ ನಡುವಿನ ಇಕ್ಕಟ್ಟಿನಲ್ಲಿ ಕಾಂಕ್ರೀಟ್ ಇಳಿಯುವುದಿಲ್ಲವೆಂದು ಆಳುಗಳು ಮತ್ತೊಂದು ಬಕೆಟ್ ನೀರು ಸುರಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಹಲಗೆ ಬಿಚ್ಚಿದಾಗ ಗೋಡೆಯ ಬುಡದಲ್ಲಿ, ತಳವನ್ನು ಸೇರುವ ಕಡೆ, ಜಲ್ಲಿ ಬರಿದಾಗಿ ಜೇನುಗೂಡಿನಂತೆ ಕಾಣುತ್ತದೆ, ಬೆರಳಿಟ್ಟು ಕೆದಕಿದರೆ ಜಲ್ಲಿ ಕೈಗೆ ಬರುತ್ತದೆ. ಟ್ಯಾಂಕುಗಳು ಹೆಚ್ಚಾಗಿ ಸೋರುವುದು ಅಲ್ಲಿಯೇ. ನೀರು ಹೆಚ್ಚಿಸುವ ಬದಲು ಒಂದೊಂದು ಅಡಿ ತುಂಬಿ ಸೂಜಿ ವೈಬ್ರೇಟರ್ ಇಳಿಸಿ. ಕಂಬಿ 8 ಮಿಲಿಮೀಟರಿನದು ಅಡ್ಡ ಉದ್ದ ಎರಡೂ ಕಡೆ 15 ಸೆಂಟಿಮೀಟರ್ ಅಂತರದಲ್ಲಿರಲಿ ಎನ್ನುವುದು ನನ್ನ ಅಂದಾಜು. ಎರೆಮಣ್ಣು ಉಬ್ಬಿ ತಳ್ಳುವುದರಿಂದ ಅದನ್ನು ಮಾತ್ರ ಸ್ಥಳ ನೋಡಿದ ಎಂಜಿನಿಯರ್ ಒಪ್ಪಬೇಕು. ಗೋಡೆಯ ಸುತ್ತ ತೆಗೆದ ಎರೆಮಣ್ಣನ್ನೇ ಮತ್ತೆ ತುಂಬದೆ ಒಂದಡಿಯಷ್ಟು ಮೊರಂ ತುಂಬಿಸಿ.

ಮೇಸ್ತ್ರಿ, ಹರಿಹರ:
ತೂಕದ ಲೆಕ್ಕ ನನಗೆ ಹೊಸದು ಸರ್, ಒಪ್ಪುತ್ತೇನೆ. ಆದರೆ ಬಚ್ಚಲ ನೀರನ್ನು ಟ್ಯಾಂಕಿಗೆ ಬಿಡಬಾರದು ಎನ್ನುವುದು ನನ್ನ ಮಾತು. ಅದನ್ನು ಬೇರೆ ಮಾಡಿದರೆ ಟ್ಯಾಂಕಿನ ಅಳತೆ ಅರ್ಧಕ್ಕಿಳಿಯುತ್ತದೆ.

ಉತ್ತರ (ನಿವೃತ್ತ ಎಂಜಿನಿಯರ್):
ಅರ್ಧಕ್ಕೆ ಇಳಿಯುವುದಿಲ್ಲ. ಬಚ್ಚಲು, ಅಡುಗೆಮನೆ ಎರಡನ್ನೂ ಬೇರೆ ಮಾಡಿದರೆ ದಿನದ ನೀರು 880ರಿಂದ ಸುಮಾರು 400 ಲೀಟರಿಗೆ ಬರುತ್ತದೆ, ಆದರೆ ಹೂಳಿನ 1420 ಲೀಟರ್ ಹಾಗೆಯೇ ಉಳಿಯುತ್ತದೆ. ಉಳಿತಾಯವಾಗುವುದು ಸುಮಾರು 480 ಲೀಟರ್ ಮಾತ್ರ. ಇಂಗುಗುಂಡಿಯ ಭಾರ ಅರ್ಧಕ್ಕಿಂತ ಕಡಿಮೆಯಾಗುವುದು ನಿಜ, ಎರೆಭೂಮಿಯಲ್ಲಿ ಆ ಲಾಭ ದೊಡ್ಡದು. ಬಚ್ಚಲ ನೀರನ್ನು ತೆಂಗಿನ ಬುಡಕ್ಕೆ ಬಿಡಲು ಜಾಗವಿದ್ದರೆ ನಾನೂ ನಿಮ್ಮ ಪಕ್ಷವೇ. ಆಗಲೂ ಟ್ಯಾಂಕಿನ ಅಳತೆ ಇಳಿಸಲು ಮಾತ್ರ ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು:
ನಿನ್ನೆ ಪರೀಕ್ಷೆಗೆಂದು ಗುಂಡಿ ತೋಡಿಸಿದೆವು. ನಾಲ್ಕಡಿಗೆ ನೀರು ಜಿನುಗಿತು. ಟ್ಯಾಂಕಿನಿಂದ ಹೊರಬರುವ ನೀರನ್ನು ಎಲ್ಲಿಗೆ ಬಿಡಬೇಕೆಂಬುದು ಇನ್ನೂ ತೋಚುತ್ತಿಲ್ಲ. ಗೋಡೆ ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಉತ್ತರ (ನಿವೃತ್ತ ಎಂಜಿನಿಯರ್):
ನಾಲ್ಕಡಿಗೆ ನೀರಿದ್ದರೆ ನೆಲದಡಿಯ ಇಂಗುಗುಂಡಿ ಕೆಲಸ ಮಾಡುವುದಿಲ್ಲ. ನೆಲದ ಮೇಲೆ ಮಣ್ಣು ಏರಿಸಿ ಇಂಗಿಸುವುದೋ, ಜಲ್ಲಿ ತುಂಬಿದ ತೊಟ್ಟಿಯಲ್ಲಿ ಸೋಸಿ ಹೊರಬಿಡುವುದೋ ಎಂಬುದನ್ನು ನಿವೇಶನದ ಇಳಿಜಾರು ನೋಡದೆ ನಾನು ಹೇಳಲಾರೆ, ಒಂದು ನಕ್ಷೆ ಹಾಕಿ. ನಾಲೆಗೆ ನೀರು ಬಿಡದ ತಿಂಗಳುಗಳಲ್ಲೇ ಗುಂಡಿ ತೋಡಿಸಿ, ಕೆಲಸ ನಡೆಯುವಷ್ಟು ದಿನವೂ ಪಂಪ್ ಪಕ್ಕದಲ್ಲಿರಲಿ.

ಸೋರಿಕೆ ನೋಡಲು ಕ್ಯೂರಿಂಗ್ ಮುಗಿದ ಮೇಲೆ, ಸುತ್ತ ಮೊರಂ ತುಂಬುವ ಮೊದಲು, ಪೈಪಿನ ಬಾಯಿಗಳನ್ನು ಕಟ್ಟಿ ಟ್ಯಾಂಕಿಗೆ ನೀರು ತುಂಬಿಸಿ. ಮೊದಲ ದಿನ ಕಾಂಕ್ರೀಟ್ ನೀರು ಕುಡಿಯುವುದರಿಂದ ಮಟ್ಟ ಇಳಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೆಯ ದಿನ ಮತ್ತೆ ತುಂಬಿಸಿ, ನೀರಿನ ಮಟ್ಟಕ್ಕೆ ಮೊಳೆಯಿಂದ ಗೋಡೆಯ ಮೇಲೆ ಗೀರು ಹಾಕಿ, ಮೇಲೆ ಹಲಗೆ ಮುಚ್ಚಿ 24 ಗಂಟೆ ಬಿಡಿ. ಗೀರು ಮತ್ತು ನೀರಿನ ನಡುವೆ ಎದ್ದು ಕಾಣುವ ಅಂತರವಿದ್ದರೆ ಹೊರಗಡೆ ಗೋಡೆಯ ಬುಡದ ಸುತ್ತ ಒದ್ದೆಯಾದ ಜಾಗ ಹುಡುಕಿ. ಗುಂಡಿಯಲ್ಲಿ ನೆಲದ ನೀರು ತುಂಬಿರುವಾಗ ಈ ಪರೀಕ್ಷೆಗೆ ಅರ್ಥವಿಲ್ಲ, ಹೊರಗಿನ ನೀರಿನ ಒತ್ತಡ ಸೋರಿಕೆಯನ್ನು ಮರೆಮಾಡುತ್ತದೆ. ಪರೀಕ್ಷೆ ಮುಗಿದರೂ ಆ ನೀರನ್ನು ಹೊರಚೆಲ್ಲಬೇಡಿ. ಚಪ್ಪಡಿ ಬಿದ್ದು ಸುತ್ತ ಮೊರಂ ತುಂಬುವವರೆಗೆ ಟ್ಯಾಂಕನ್ನು ನೆಲಕ್ಕೆ ಒತ್ತಿ ಹಿಡಿಯುವುದು ಅದೇ ನೀರು.