ಸಹಾಯ ಬೇಕು: ಅವ್ವನ ಫಾಲೋಅಪ್ ದಿನ ಬದಲಿಸಲು ಇಮೇಲ್‌ನಲ್ಲಿ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ನಾವು ಗದಗಿನವರು. ಅವ್ವನ ಥೈರಾಯ್ಡ್‌ಗೆ ಹುಬ್ಬಳ್ಳಿಯ ಒಂದು ಕ್ಲಿನಿಕ್‌ನಲ್ಲಿ ತೋರಿಸುತ್ತೇವೆ. ಕಳೆದ ಸಲ ಡಾಕ್ಟರು ಮಾತ್ರೆಯನ್ನು 50ರಿಂದ 75 ಮೈಕ್ರೋಗ್ರಾಂಗೆ ಏರಿಸಿದರು. ಆರು ವಾರ ಬಿಟ್ಟು ಟಿಎಸ್‌ಎಚ್ ರಿಪೋರ್ಟ್ ತಗೊಂಡು ಬನ್ನಿ ಅಂದಿದ್ದರು. ಅದು ಬರುವ ಗುರುವಾರ ಬೆಳಿಗ್ಗೆ 11ಕ್ಕೆ. ಅವತ್ತೇ ಅಕ್ಕನ ಮಗಳ ಕುಬಸ. ಅವ್ವ ಇಲ್ಲದೆ ಆಗೋದಿಲ್ಲ.

ಫೋನ್ ಮಾಡಿದರೆ, ದಿನ ಬದಲಿಸೋದಿದ್ದರೆ ಇಮೇಲ್ ಹಾಕಿ ಅಂದರು. ಹಿಂದೊಮ್ಮೆ ಹೀಗೇ ಆದಾಗ 'ಬರೋಕಾಗಲ್ಲ, ಬೇರೆ ದಿನ ಕೊಡಿ' ಅಂತಷ್ಟೇ ಬರೆದಿದ್ದೆ. ಹಳೆಯದು ತಕ್ಷಣ ರದ್ದಾಯಿತು, ಹೊಸದು ಸಿಕ್ಕಿದ್ದು ಮೂರು ವಾರದ ನಂತರ. ಈ ಸಲ ಅಷ್ಟು ಕಾಯುವ ಹಾಗಿಲ್ಲ. ಡಬ್ಬಿ ಸುರುವಿ ಎಣಿಸಿದೆ, ಹನ್ನೊಂದೇ ಮಾತ್ರೆ ಉಳಿದಿವೆ. ಡಾಕ್ಟರು ರಿಪೋರ್ಟ್ ನೋಡದೆ ಅದೇ ಡೋಸ್ ಮತ್ತೆ ತರೋಕೂ ಭಯ.

ಈಗ ಬರೆದಿಟ್ಟಿರೋದು ಇದು:

'ವಿಷಯ: ಗುರುವಾರ 11 ಗಂಟೆಯ ಫಾಲೋಅಪ್ ಬದಲಾವಣೆ. ಅವತ್ತು ಬರಲು ಆಗುತ್ತಿಲ್ಲ. ಶುಕ್ರವಾರದಿಂದ ಮುಂದಿನ ಬುಧವಾರದೊಳಗೆ ಎಲ್ಲಕ್ಕಿಂತ ಮೊದಲು ಖಾಲಿ ಇರುವ ಸಮಯ ಕೊಡಿ. ಬೆಳಿಗ್ಗೆ, ಸಂಜೆ ಯಾವಾಗಲಾದರೂ ಬರುತ್ತೇವೆ. ಯಾರಾದರೂ ರದ್ದು ಮಾಡಿದರೆ ಫೋನ್ ಮಾಡಿ. ಮಾತ್ರೆ ಹನ್ನೊಂದು ದಿನಕ್ಕಷ್ಟೇ ಇವೆ. ರಿಪೋರ್ಟ್ ಜೊತೆಗಿದೆ.'

ಹೆಸರು, ರೋಗಿ ಸಂಖ್ಯೆ, ಫೋನ್ ನಂಬರ್ ಕೆಳಗೆ ಹಾಕಿದ್ದೇನೆ.

ನಾನು ಸಿಕ್ಕಿಕೊಂಡಿರೋದು ಒಂದೇ ಸಾಲಿನಲ್ಲಿ. 'ಹೊಸ ಸಮಯ ಖಾತ್ರಿ ಆಗುವವರೆಗೆ ಗುರುವಾರದ್ದನ್ನು ರದ್ದು ಮಾಡಬೇಡಿ' ಅಂತ ಸೇರಿಸಬೇಕು ಅನಿಸುತ್ತೆ. ಆದರೆ ಬರೋದಿಲ್ಲ ಅಂತ ಗೊತ್ತಿದ್ದೂ ಜಾಗ ಹಿಡಿದ ಹಾಗಾಗುತ್ತೆ, ಇನ್ನೊಬ್ಬ ರೋಗಿಗೆ ತಪ್ಪುತ್ತೆ ಅಲ್ವಾ?

ಕ್ಲಿನಿಕ್ ಕೌಂಟರಿನಲ್ಲಿ ಕೆಲಸ ಮಾಡಿದವರು ಇದ್ದರೆ ಹೇಳಿ: ಆ ಸಾಲು ಇರಲಾ, ತೆಗೆಯಲಾ? ತೆಗೆದರೆ, ಬೇಗ ಸಿಗೋ ಹಾಗೆ ಅದರ ಬದಲು ಏನು ಬರೆಯಲಿ?