ಫೆರೋಮೋನ್ ಸೆಂಟ್: ಯಾರಾದರೂ ಬಳಸಿ ನೋಡಿದ್ದೀರಾ?

ಕೇಳಿದ್ದು: "ಮುಂದಿನ ತಿಂಗಳು ಹೆಣ್ಣು ನೋಡೋಕೆ ಹೋಗಬೇಕು. ಫೆರೋಮೋನ್ ಎಣ್ಣೆ ಅಂತ ಒಂದು ಬಾಟಲಿ ನೋಡಿದೆ, 1,800 ರೂಪಾಯಿ. ವಾಸನೆ ಇರಲ್ಲ, ಆದ್ರೆ ಎದುರಿಗಿದ್ದವರನ್ನು ಸೆಳೆಯುತ್ತೆ, ವಿಜ್ಞಾನದಲ್ಲಿ ಸಾಬೀತಾಗಿದೆ ಅಂತ ಬರೆದಿದ್ದಾರೆ. ಕೆಲಸ ಮಾಡುತ್ತಾ?"

ಟೊಮ್ಯಾಟೊ ಬೆಳೆಗಾರ: ಖಂಡಿತ ಮಾಡುತ್ತೆ. ಟೊಮ್ಯಾಟೊ ತಿನ್ನುವ ಟ್ಯೂಟಾ ಹುಳುವಿಗೆ ನಾನು ಮೋಹಕ ಬಲೆ ಕಟ್ಟುತ್ತೇನೆ. ಅದರೊಳಗೆ ಇಡುವ ಲ್ಯೂರಿನಲ್ಲಿ ಹೆಣ್ಣು ಪತಂಗ ಗಂಡನ್ನು ಕರೆಯಲು ಬಿಡುವ ಫೆರೋಮೋನ್ ಇರುತ್ತೆ. ಬೆಳಗ್ಗೆ ಹೋಗಿ ನೋಡಿದರೆ ಗಂಡು ಪತಂಗಗಳು ಬಿದ್ದಿರುತ್ತವೆ. ಆದರೆ ಲ್ಯೂರ್ ಸರಿಯಾದ್ದೇ ತರಬೇಕು. ಒಮ್ಮೆ ಅಂಗಡಿಯವನು ಬೇರೆ ಹುಳುವಿನ ಲ್ಯೂರ್ ಕೊಟ್ಟುಬಿಟ್ಟ. ವಾರವಿಡೀ ಕಟ್ಟಿದರೂ ನನಗೆ ಬೇಕಾದ ಹುಳು ಒಂದೂ ಬೀಳಲಿಲ್ಲ. ನಿಮ್ಮದು ಯಾವ ಬೆಳೆ?

ಮದುವೆಯಾಗಿ ಆರು ವರ್ಷ: ಬೆಳೆ ಅಲ್ಲ ಅಣ್ಣಾ, ಅವರು ಮದುವೆ ವಿಷಯ ಕೇಳ್ತಿರೋದು! ನಾನು ಇಂಥದ್ದೇ ಒಂದು ಎಣ್ಣೆ ತರಿಸಿ ಕುತ್ತಿಗೆಗೆ ಹಚ್ಚಿಕೊಂಡೆ. ನನಗೆ ಏನೂ ವಾಸನೆ ಬರಲಿಲ್ಲ. ಹೆಂಡತಿ ಹತ್ತಿರ ಬಂದವಳೇ "ಏನ್ರೀ ಇದು, ಬಸ್ ಸ್ಟ್ಯಾಂಡ್ ಹಿಂದಿನ ಗೋಡೆ ಥರ ನಾತ" ಅಂದಳು. ಬಾಟಲಿ ಅಟ್ಟ ಸೇರಿತು.

ಜೀವಶಾಸ್ತ್ರ ಮೇಡಂ: ನಿಮ್ಮ ಬಾಟಲಿಯಲ್ಲಿ ಏನಿತ್ತೋ ಗೊತ್ತಿಲ್ಲ. ಆದರೆ ಆಂಡ್ರೋಸ್ಟೆನೋನ್ ಅನ್ನೋ ವಸ್ತು ಹೀಗೇ ಆಟ ಆಡಿಸುತ್ತೆ. ಕೆಲವರಿಗೆ ಅದು ಉಚ್ಚೆಯ ನಾತ, ಕೆಲವರಿಗೆ ಸಿಹಿ ಪರಿಮಳ, ಕೆಲವರಿಗೆ ವಾಸನೆಯೇ ಬರಲ್ಲ. ಮೂಗಿನಲ್ಲಿ ವಾಸನೆ ಹಿಡಿಯುವ ಒಂದು ಗ್ರಾಹಕದ ಜೀನ್ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರೋದು ಇದಕ್ಕೆ ಒಂದು ಕಾರಣ. ಇದು ಗಂಡು ಹಂದಿಯ ಜೊಲ್ಲಿನಲ್ಲಿ ಇರುತ್ತೆ. ಬೆದೆಗೆ ಬಂದ ಹೆಣ್ಣು ಹಂದಿ ಇದರ ವಾಸನೆಗೆ ಅಲ್ಲಾಡದೆ ನಿಲ್ಲುತ್ತೆ. ಹಂದಿ ಸಾಕುವವರು ಇದನ್ನು ಸ್ಪ್ರೇ ಮಾಡಿ ಪರೀಕ್ಷಿಸುತ್ತಾರೆ. ಅಲ್ಲಿ ಅದು ನಿಜವಾದ ಕೆಲಸ.

ಬೆಳೆಗಾರರು ಹೇಳಿದ್ದೂ ತಮಾಷೆಯಲ್ಲ. ಒಂದು ಜೀವಿ ಹೊರಬಿಟ್ಟು, ಅದೇ ಜಾತಿಯ ಇನ್ನೊಂದರ ವರ್ತನೆ ಬದಲಿಸುವ ವಸ್ತುವೇ ಫೆರೋಮೋನ್. ಮೊದಲು ಪತ್ತೆಯಾದ ಫೆರೋಮೋನ್ ನಮ್ಮ ರಾಮನಗರದವರಿಗೆ ಪರಿಚಯವಿರುವ ರೇಷ್ಮೆ ಚಿಟ್ಟೆಯದೇ. 1959ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ತಂಡ ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳಿಂದ ಕೆಲವೇ ಮಿಲಿಗ್ರಾಂ ವಸ್ತು ತೆಗೆಯಿತು. ಅದೇನೆಂದು ಗುರುತಿಸಿ, ಲ್ಯಾಬಿನಲ್ಲೂ ತಯಾರಿಸಿತು. ಹೆಣ್ಣು ಚಿಟ್ಟೆ ಹತ್ತಿರ ಇಲ್ಲದಿದ್ದರೂ ಗಂಡು ಚಿಟ್ಟೆ ಆ ಒಂದೇ ವಸ್ತುವಿಗೆ ಪಟಪಟ ರೆಕ್ಕೆ ಬಡಿಯಿತು. ಸಾಬೀತು ಅಂದರೆ ಅದು.

ಮನುಷ್ಯರ ವಿಷಯದಲ್ಲಿ ಈ ಕೆಲಸವನ್ನು ಯಾರೂ ಪೂರ್ತಿ ಮಾಡಿಲ್ಲ. ಬಾಟಲಿ ಮೇಲೆ ಆಂಡ್ರೋಸ್ಟಾಡೈಇನೋನ್ ಅನ್ನೋ ಇನ್ನೊಂದು ವಸ್ತುವಿನ ಹೆಸರು ಇದ್ದರೆ ಅದರ ಕಥೆ ಕೇಳಿ. 1991ರಲ್ಲಿ ಒಂದು ಸಮ್ಮೇಳನ ನಡೆಯಿತು. ಖರ್ಚು ಕೊಟ್ಟ ಕಂಪನಿಗೇ ಪೇಟೆಂಟಿನ ಲಾಭ ಬೇಕಿತ್ತು. ಅಲ್ಲಿ ಈ ವಸ್ತುವನ್ನು ಮನುಷ್ಯರ ಫೆರೋಮೋನ್ ಇರಬಹುದು ಅಂದರು. ಅದನ್ನು ಹೇಗೆ ಹುಡುಕಿದರು, ಇದನ್ನೇ ಯಾಕೆ ಆರಿಸಿದರು ಅನ್ನೋದನ್ನು ಹೇಳಲೇ ಇಲ್ಲ. ಆಮೇಲೆ ಬಂದವರೆಲ್ಲ ಅದನ್ನೇ ಹಿಡಿದುಕೊಂಡು ಪ್ರಯೋಗ ಮಾಡಿದರು. ಆಕ್ಸ್‌ಫರ್ಡಿನ ಟ್ರಿಸ್ಟ್ರಾಮ್ ವಯಾಟ್ 2015ರಲ್ಲಿ ಇದನ್ನೆಲ್ಲ ಬಿಡಿಸಿಟ್ಟರು. 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಈ ವಸ್ತುವನ್ನು ಲವಂಗದ ಎಣ್ಣೆಯಲ್ಲಿ ಬೆರೆಸಿ ಮೂಸಿಸಿ, ಮುಖಗಳ ಫೋಟೋ ತೋರಿಸಿ ಎಷ್ಟು ಚೆನ್ನಾಗಿವೆ ಅಂತ ಕೇಳಿದರು. ಬರೀ ಲವಂಗದೆಣ್ಣೆ ಮೂಸಿದ ದಿನಕ್ಕೂ ಇದಕ್ಕೂ ಏನೂ ವ್ಯತ್ಯಾಸ ಸಿಗಲಿಲ್ಲ.

ಬೆಂಗಳೂರು ಟೆಕ್ಕಿ: ಆದ್ರೆ ಬೆವರಿನ ಟಿ-ಶರ್ಟ್ ಪ್ರಯೋಗ? ರೋಗನಿರೋಧಕ ಶಕ್ತಿಯ ಜೀನ್ ತಮಗಿಂತ ಬೇರೆ ಇರುವ ಗಂಡಸರ ವಾಸನೆಯೇ ಹೆಣ್ಣುಮಕ್ಕಳಿಗೆ ಇಷ್ಟ ಅಂತ ಪ್ರೂವ್ ಆಗಿದೆಯಲ್ವಾ?

ಜೀವಶಾಸ್ತ್ರ ಮೇಡಂ: ಅರ್ಧ ಸರಿ. ಸ್ವಿಟ್ಜರ್ಲೆಂಡಿನ ವೆಡೆಕಿಂಡ್ 1995ರಲ್ಲಿ ಮಾಡಿದ್ದು ಅದು. 44 ಗಂಡಸರು ಎರಡು ರಾತ್ರಿ ಹಾಕಿದ್ದ ಟಿ-ಶರ್ಟುಗಳನ್ನು 49 ಹೆಂಗಸರು ಮೂಸಿದರು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದವರ ಇಷ್ಟ ಉಲ್ಟಾ ಬಂತು. ಆಮೇಲಿನ ಪ್ರಯೋಗಗಳಲ್ಲಿ ಒಂದು ಸಲ ಹೌದು, ಒಂದು ಸಲ ಇಲ್ಲ. ನಿಜ ಅಂತಿಟ್ಟುಕೊಂಡರೂ ಅದು ಒಬ್ಬೊಬ್ಬರದೇ ಮೈವಾಸನೆಯ ಮಾತು. ಎಲ್ಲರಿಗೂ ಒಂದೇ ಬಾಟಲಿ ಮಾರೋಕೆ ಅದು ಸಾಕ್ಷಿ ಹೇಗಾಗುತ್ತೆ?

ಎಂಟು ತಿಂಗಳ ಮಗುವಿನ ತಾಯಿ: ಹಾಗಾದ್ರೆ ಮನುಷ್ಯರಿಗೆ ಫೆರೋಮೋನ್ ಇಲ್ಲವೇ ಇಲ್ಲವಾ? ನನ್ನ ಮಗು ಕಣ್ಣು ಮುಚ್ಚಿಕೊಂಡೇ ಎದೆ ಹುಡುಕುತ್ತಿತ್ತು.

ಜೀವಶಾಸ್ತ್ರ ಮೇಡಂ: ಹುಡುಕಬೇಕಾದ ಜಾಗ ಅದೇ ಇರಬಹುದು ಕಣಮ್ಮ. ಮೊಲೆತೊಟ್ಟಿನ ಸುತ್ತಲಿನ ಚಿಕ್ಕ ಗ್ರಂಥಿಗಳ ದ್ರವವನ್ನು ಮೂಗಿನ ಬಳಿ ಹಿಡಿದರೆ, ಬೇರೆ ತಾಯಿಯದಾದರೂ, ಮೂರು ದಿನದ ಕೂಸು ಬಾಯಿ ಆಡಿಸುತ್ತೆ. ಅದರಲ್ಲಿರುವ ಯಾವ ವಸ್ತು ಅನ್ನೋದು ಇನ್ನೂ ಕೈಗೆ ಸಿಕ್ಕಿಲ್ಲ.

ಸೆಂಟ್ ಅಂಗಡಿಯವಳು: ನನ್ನ ಗಿರಾಕಿಗಳಲ್ಲಿ "ಕೆಲಸ ಮಾಡಿತು" ಅನ್ನೋರು ಇದ್ದಾರೆ ಮೇಡಂ. ಅವರೆಲ್ಲ ಸುಳ್ಳು ಹೇಳ್ತಾರಾ?

ಜೀವಶಾಸ್ತ್ರ ಮೇಡಂ: ಇಲ್ಲ. ಇಂಗ್ಲೆಂಡಿನಲ್ಲಿ ಕೆಲವು ಗಂಡಸರಿಗೆ ಪರಿಮಳದ ಡಿಯೋಡರೆಂಟ್, ಕೆಲವರಿಗೆ ಪರಿಮಳ ಇಲ್ಲದ್ದು ಕೊಟ್ಟರು. ಆಮೇಲೆ ಅವರ ವಿಡಿಯೋ ತೆಗೆದು, ಧ್ವನಿ ಇಲ್ಲದೆ ಹೆಂಗಸರಿಗೆ ತೋರಿಸಿದರು. ವಿಡಿಯೋದಲ್ಲಿ ವಾಸನೆ ಎಲ್ಲಿಂದ ಬರಬೇಕು? ಆದರೂ ಪರಿಮಳ ಹಾಕಿಕೊಂಡವರೇ ಜಾಸ್ತಿ ಚೆನ್ನಾಗಿ ಕಂಡರು. ಬದಲಾಗಿದ್ದು ಅವರು ಕೂತು ಆಡುವ ರೀತಿ. ಅದಕ್ಕೆ ನಿಮ್ಮ ಅಂಗಡಿಯ 200 ರೂಪಾಯಿ ಸೆಂಟೂ ಸಾಕು.

ಕೇಳಿದವನು: ತಡವಾಯ್ತು, ನಾನು ನಿನ್ನೆಯೇ ಆರ್ಡರ್ ಮಾಡಿಬಿಟ್ಟಿದ್ದೆ. ಇವತ್ತು ಬಂತು. ತಂಗಿ ಮೂಸಿ ಮುಖ ಸಿಂಡರಿಸಿದಳು. ಅಮ್ಮ "ಏನೂ ವಾಸನೆ ಇಲ್ವಲ್ಲೋ, ನೀರು ತುಂಬಿಸಿ ಕೊಟ್ಟಿದ್ದಾನೆ" ಅಂತಿದ್ದಾರೆ. ಹುಡುಗಿ ಯಾರ ಥರ ಅಂತ ಹೇಗೆ ಗೊತ್ತಾಗಬೇಕು? ಹಚ್ಚಿಕೊಳ್ಳಲ್ಲ ಬಿಡಿ.