ಪದಚರ್ಚೆ: ‘ಬೇಸ್‌ಲೈನ್’, ‘ಇಂಟರ್‌ವೆನ್ಷನ್’ – ಸೋಮವಾರದೊಳಗೆ ಪದ ಬೇಕು

ವಿಶೇಷ ಶಿಕ್ಷಕಿ, ಶಿರಸಿ:
ನಮಸ್ಕಾರ. ನನ್ನ ತರಗತಿಯ ಒಂಬತ್ತು ವರ್ಷದ ಹುಡುಗ ಬೇಕಾದುದನ್ನು ಕೇಳುವುದಿಲ್ಲ, ಕಸಿದುಕೊಳ್ಳುತ್ತಾನೆ. ಚಿತ್ರದ ಕಾರ್ಡು ಕೊಟ್ಟು ಕೇಳುವುದನ್ನು ಕಲಿಸಬೇಕಾಗಿದೆ. ಕೆಲವು ದಿನ ಏನನ್ನೂ ಬದಲಿಸದೆ, ಎಷ್ಟು ಬಾರಿ ತಾನಾಗಿ ಕೇಳುತ್ತಾನೆಂದು ಎಣಿಸುತ್ತೇನೆ. ಆಮೇಲೆ ಕಲಿಸುತ್ತಾ ಎಣಿಸುತ್ತೇನೆ. ಮೊದಲನೆಯದು ಬೇಸ್‌ಲೈನ್, ಆಮೇಲೆ ಕಲಿಸುವುದು ಇಂಟರ್‌ವೆನ್ಷನ್. ಹೋಲಿಕೆ ಅವನೊಂದಿಗೇ, ಬೇರೆ ಮಕ್ಕಳೊಂದಿಗಲ್ಲ. ನನಗೆ ಸಿಕ್ಕ ಒಪ್ಪಿಗೆ ಪತ್ರದ ಮಾದರಿಯಲ್ಲಿ ‘ಏಕಪ್ರಕರಣ ಪ್ರಯೋಗ’, ‘ಆಧಾರರೇಖೆ’, ‘ಹಸ್ತಕ್ಷೇಪ’ ಎಂದಿದೆ. ಅವನ ತಾಯಿ ಓದಿ, “ಮಗನ ಮೇಲೆ ಪ್ರಕರಣ ಏಕೆ?” ಎಂದು ಗಾಬರಿಯಾದರು. ಸೋಮವಾರ ಹೊಸ ಪತ್ರ ಕೊಡಬೇಕು.

ಕುಮಟಾ:
ಸಂಸ್ಕೃತದ ಹೊರೆಯಿಂದಲೇ ಈ ಗಾಬರಿ. ಬೇಸ್‌ಲೈನ್ ಎಂದರೆ ‘ಅಡಿಗೆರೆ’. ಲ್ಯಾಟಿನ್ನಿನಲ್ಲಿ ‘ಇಂಟರ್’ ನಡುವೆ, ‘ವೆನೀರೆ’ ಬರು, ಆದ್ದರಿಂದ ‘ನಡುಬರವು’. ಬೇರೆ ಹುಡುಕಬೇಕಾಗಿಲ್ಲ.

ಹೊನ್ನಾವರ:
ಅಡಿಗೆರೆ ಎಂದರೆ ಪದದ ಕೆಳಗೆ ಎಳೆಯುವ ಗೆರೆ. ‘ನಡುಬರವು’ ಓದಿದ ತಾಯಿ ಬರಗಾಲವೆಂದುಕೊಂಡಾರು. ಲ್ಯಾಟಿನ್ ಧಾತುವನ್ನು ಬಿಡಿಸಿ ಕನ್ನಡದಲ್ಲಿ ಜೋಡಿಸಿದರೆ ಅದು ಅಚ್ಚಗನ್ನಡವಾಗುವುದಿಲ್ಲ, ಅದೂ ಎರವಲೇ.

ನಿವೃತ್ತ ಸರ್ವೇಯರ್, ಕಾರವಾರ:
ಆಧಾರರೇಖೆಯಲ್ಲಿ ತಪ್ಪೇನು? ದೇಶದ ಕಡಲ ಗಡಿ 12 ನಾಟಿಕಲ್ ಮೈಲಿ. ಸಾಮಾನ್ಯವಾಗಿ ಅದನ್ನು ಅಳೆಯುವುದು ಇಳಿತದ ನೀರಂಚಿನ ಆಧಾರರೇಖೆಯಿಂದಲೇ. ಮೇಡಂ, ಒಂದು ದಿನ ಹುಡುಗನನ್ನು ಪರೀಕ್ಷಿಸಿ ಗೆರೆ ಎಳೆಯಿರಿ, ಆ ಮೇಲಿನದೆಲ್ಲ ಪ್ರಗತಿ.

ಶಿಕ್ಷಕರ ತರಬೇತುದಾರ, ಕಾರವಾರ:
ಸರ್, ‘ರೇಖೆ’ ಎಂಬ ಪದ ಮಾಡುವ ಹಾನಿಯೇ ಇದು. ಇಲ್ಲಿ ಬೇಸ್‌ಲೈನ್ ಗೆರೆಯಲ್ಲ, ಅವಧಿ. ಒಂದು ದಿನದ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಆ ದಿನ ಅವನು ನಿದ್ದೆಗೆಟ್ಟು ಬಂದಿರಬಹುದು. ಕನಿಷ್ಠ ಮೂರು, ಸಾಧ್ಯವಾದರೆ ಐದು ದಿನದ ಎಣಿಕೆ ಬೇಕು. 2, 1, 2, 1, 2 ಎಂದು ಬಂದರೆ ಕಲಿಸಲು ತೊಡಗಬಹುದು. 1, 2, 4, 5, 6 ಎಂದು ಬಂದರೆ ಕಾಯಬೇಕು: ಕಲಿಸುವ ಮೊದಲೇ ಏರುತ್ತಿರುವುದನ್ನು ಕಲಿಸಿದ್ದರಿಂದ ಏರಿತು ಎನ್ನಲಾಗದು. ನನ್ನ ಸಲಹೆ ‘ಯಥಾಸ್ಥಿತಿ ಹಂತ’. ನ್ಯಾಯಾಲಯದ ಸುದ್ದಿ ಓದುವ ಎಲ್ಲರಿಗೂ ಗೊತ್ತಿರುವ ಪದ, ಅರ್ಥವೂ ಅದೇ: ಇದ್ದದ್ದು ಇದ್ದ ಹಾಗೆ.

ಒಬ್ಬ ತಾಯಿ, ಅಂಕೋಲಾ:
ನನ್ನ ಮಗಳ ವರದಿಯಲ್ಲೂ ‘ಹಸ್ತಕ್ಷೇಪ’ ಎಂದಿತ್ತು. ಮನೆಯ ವಿಷಯದಲ್ಲಿ ಯಾರೋ ಕೈ ಹಾಕುತ್ತಾರೆಂದು ನಮ್ಮ ಅತ್ತೆ ಸಹಿ ಮಾಡಲು ಬಿಡಲಿಲ್ಲ. ಆರು ತಿಂಗಳು ಹೋಯಿತು. ಇನ್ನೊಂದು ಪ್ರಶ್ನೆ: ಕಲಿತ ಮೇಲೆ ಪರೀಕ್ಷಿಸಲೆಂದು ಕಲಿಸುವುದನ್ನು ನಿಲ್ಲಿಸುತ್ತಾರಂತೆ, ನಿಜವೇ?

ತರಬೇತುದಾರ:
ಅಮ್ಮಾ, ಕೆಲವು ವರ್ತನೆಗಳಲ್ಲಿ ಹಾಗೆ ಮಾಡುವುದುಂಟು. ಬಹುಮಾನದ ಚೀಟಿ ಕೊಟ್ಟಾಗ ಕುಳಿತಿರುವ ಮಗು, ನಿಲ್ಲಿಸಿದಾಗ ಎದ್ದರೆ, ಮತ್ತೆ ಕೊಟ್ಟಾಗ ಕುಳಿತರೆ, ಕಾರಣ ಚೀಟಿಯೇ ಎಂದು ಗೊತ್ತಾಗುತ್ತದೆ. ಆದರೆ ಕೇಳಲು ಕಲಿತ ಮಗು ಅದನ್ನು ಮರೆಯುವುದಿಲ್ಲ, ಮರೆಯಬಾರದು ಕೂಡ. ಅಲ್ಲಿ ನಿಲ್ಲಿಸಿ ನೋಡುವುದರಿಂದ ಪ್ರಯೋಜನವಿಲ್ಲ. ಶಿರಸಿಯ ಮೇಡಂ ಮೂರು ಹೊತ್ತು ಆರಿಸಿಕೊಳ್ಳಲಿ: ತಿಂಡಿ, ಆಟ, ಚಿತ್ರ ಬಿಡಿಸುವುದು. ಮೂರರಲ್ಲೂ ಒಂದೇ ದಿನ ಎಣಿಕೆ ಶುರು. ಮೊದಲು ತಿಂಡಿಯಲ್ಲಿ ಮಾತ್ರ ಕಲಿಸಿ, ಅಲ್ಲಿ ಏರಿದ ಮೇಲೆ ಆಟದಲ್ಲಿ, ಕೊನೆಗೆ ಚಿತ್ರದಲ್ಲಿ. ಪ್ರತಿ ಬಾರಿಯೂ ಕಲಿಸಿದಲ್ಲೇ ಏರಿ, ಉಳಿದೆಡೆ ಹಾಗೆಯೇ ಉಳಿದರೆ ನಂಬಬಹುದು. ಕಲಿಸುವ ಮೊದಲೇ ಆಟದಲ್ಲೂ ಕೇಳತೊಡಗಿದರೆ ಮಗುವಿಗೆ ಒಳ್ಳೆಯದೇ, ಆದರೆ ಪುರಾವೆ ಸಡಿಲವಾಗುತ್ತದೆ: ತಿಂಡಿಯ ಪಾಠ ಅಲ್ಲಿಗೂ ಹರಡಿತೋ, ಮನೆಯಲ್ಲಿ ಏನಾದರೂ ಬದಲಾಯಿತೋ ಎಂದು ಹೇಳಲಾಗದು.

ಕುಮಟಾ:
‘ಯಥಾಸ್ಥಿತಿ’ ಕನ್ನಡವೇ? ‘ಇದ್ದಂತಿನ ಹಂತ’ ಎನ್ನಿ. ಒಂದೊಂದು ಪದವನ್ನೂ ಹೀಗೆ ಸಂಸ್ಕೃತಕ್ಕೆ ಬಿಟ್ಟುಕೊಟ್ಟರೆ ಕನ್ನಡಕ್ಕೆ ಪದ ಕಟ್ಟುವ ಕಸುವೇ ಹೋಗುತ್ತದೆ.

ಹೊನ್ನಾವರ:
‘ಹಂತ’ವನ್ನು ಉಳಿಸಿಕೊಂಡಿದ್ದೀರಿ, ಅದರ ಮೂಲವನ್ನೂ ಹುಡುಕಿ. ಮೇಡಂಗೆ ಬೇಕಾಗಿರುವುದು ತಾಯಿಗೆ ಅರ್ಥವಾಗುವ ಪತ್ರ.

ವಿಶೇಷ ಶಿಕ್ಷಕಿ, ಶಿರಸಿ:
ಎಲ್ಲರಿಗೂ ಕೃತಜ್ಞತೆ. ಇಂದು ಸಂಜೆ ಆ ತಾಯಿಗೆ ಎರಡನ್ನೂ ಓದಿ ಹೇಳಿದೆ. ‘ಯಥಾಸ್ಥಿತಿ’ಗೆ ತಲೆಯಾಡಿಸಿದರು, ‘ಇದ್ದಂತಿನ’ ಎಂದಾಗ ಮತ್ತೊಮ್ಮೆ ಓದಿಸಿದರು. ಪತ್ರದಲ್ಲಿ ‘ಯಥಾಸ್ಥಿತಿ ಹಂತ’, ‘ಕಲಿಸುವ ಹಂತ’ ಎಂದು ಬರೆದಿದ್ದೇನೆ, ‘ಪ್ರಕರಣ’ ತೆಗೆದಿದ್ದೇನೆ. ಆದರೆ ಬಹುಮಾನದ ಚೀಟಿ ಕೊಡುವುದು ಕಲಿಸುವುದಲ್ಲವಲ್ಲ, ಅಂತಹ ಕಡೆ ‘ಕಲಿಸುವ ಹಂತ’ ಹೊಂದುವುದಿಲ್ಲ. ಅದಕ್ಕೆ ಪದ ಇನ್ನೂ ಸಿಕ್ಕಿಲ್ಲ.